ಡಾಲರ್ ಬಂದ ದಿನದ ದರವೋ, ಮಾರ್ಚ್ 31ರ ದರವೋ? ರಿಟರ್ನ್‌ನಲ್ಲಿ ಯಾವುದನ್ನು ಬರೆಯಬೇಕು?

ಧಾರವಾಡದ ಚಿತ್ರಗಾರ್ತಿ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಕೆಲಸ ಕೊಡುವವರು ಅಮೆರಿಕದವರು, ಹಣ ಬರುವುದು ಡಾಲರ್‌ನಲ್ಲಿ. 2024-25ರ ರಿಟರ್ನ್ ತುಂಬಲು ಕುಳಿತಾಗ ಒಂದೇ ಕಡೆ ಮೂರು ದಿನದಿಂದ ನಿಂತುಬಿಟ್ಟಿದ್ದೇನೆ. ನನಗೆ ಮೂರು ಹಣ ಬಂದಿವೆ, ಮೂರೂ ಬೇರೆ ಬೇರೆ ರೀತಿ.

ಜೂನ್ 2024ರಲ್ಲಿ 2,000 ಡಾಲರ್ ನೇರವಾಗಿ ನನ್ನ ಧಾರವಾಡದ ಬ್ಯಾಂಕಿಗೆ ಬಂದಿತು. ಬ್ಯಾಂಕು ಡಾಲರಿಗೆ 83.10 ರೂಪಾಯಿಯಂತೆ ಜಮೆ ಮಾಡಿತು. ಡಿಸೆಂಬರಿನಲ್ಲಿ ಇನ್ನೊಬ್ಬ ಪ್ರಕಾಶಕರು 1,500 ಡಾಲರನ್ನು ವಿದೇಶದ ಒಂದು ಪಾವತಿ ಜಾಲತಾಣದ ಖಾತೆಗೆ ಹಾಕಿದರು. ಆ ದಿನದ ದರ 84.60 ಇತ್ತು. ದರ ಇನ್ನೂ ಏರಬಹುದೆಂದು ಅಲ್ಲೇ ಬಿಟ್ಟೆ. ಮೇ 2025ರಲ್ಲಿ ತರಿಸಿಕೊಂಡಾಗ 84.40 ಸಿಕ್ಕಿತು. ಮೂರನೆಯದು, ಮಾರ್ಚ್ 20ರಂದು 1,000 ಡಾಲರಿನ ಬಿಲ್ ಕಳಿಸಿದೆ, ಹಣ ಬಂದದ್ದು ಏಪ್ರಿಲ್ 12ರಂದು, ದರ 84.70. ಮಾರ್ಚ್ 31ರ ದರವನ್ನು ಲೆಕ್ಕಕ್ಕೆ ಸುಲಭವಾಗಲೆಂದು 85 ಎಂದೇ ಇಟ್ಟುಕೊಂಡಿದ್ದೇನೆ. ನನ್ನ ಉಳಿದ ದರಗಳನ್ನೂ ಹತ್ತಿರದ ಅಂಕಿಗೆ ತಂದು ಬರೆದಿದ್ದೇನೆ.

ಎಲ್ಲವನ್ನೂ 85ರಿಂದ ಗುಣಿಸಬೇಕೆ? ಕೈಗೆ ಬಂದದ್ದನ್ನಷ್ಟೇ ಬರೆಯಬೇಕೆ? ಮೊತ್ತ ದೊಡ್ಡದಲ್ಲ ಎಂದು ಗೊತ್ತು. ಆದರೆ ತಪ್ಪು ಲೆಕ್ಕಕ್ಕೆ ಸಹಿ ಹಾಕಲು ಮನಸ್ಸಿಲ್ಲ.

ಲೆಕ್ಕದ ಹುಡುಗ

ಮೇಡಂ, ನಾನು ಒಂದು ಸಿಎ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. ಉತ್ತರ ಸರಳ. ಆದಾಯ ತೆರಿಗೆ ನಿಯಮ 115ರ ಪ್ರಕಾರ ವೃತ್ತಿಯ ಆದಾಯಕ್ಕೆ ಹಣಕಾಸು ವರ್ಷದ ಕೊನೆಯ ದಿನದ ದರ, ಅಂದರೆ ಮಾರ್ಚ್ 31ರದು. ಮೂರನ್ನೂ 85ರಿಂದ ಗುಣಿಸಿ. 4,500 ಡಾಲರಿಗೆ 3,82,500 ರೂಪಾಯಿ. ವರ್ಷಾಂತ್ಯದಲ್ಲಿ ಬಾಕಿಯಿರುವ ವಿದೇಶಿ ಹಣವನ್ನು ಮರುಮೌಲ್ಯ ಮಾಡಬೇಕೆಂದು ಆದಾಯ ಲೆಕ್ಕಾಚಾರದ ಮಾನದಂಡ ಐಸಿಡಿಎಸ್ 6 ಕೂಡ ಹೇಳುತ್ತದೆ. ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತವೆ.

ಧಾರವಾಡದ ಚಿತ್ರಗಾರ್ತಿ

ಹಾಗಾದರೆ ಜೂನ್ ತಿಂಗಳ 2,000 ಡಾಲರಿಗೆ 1,70,000 ತೋರಿಸಬೇಕಾಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 1,66,200 ಮಾತ್ರ ಇದೆ. ನನಗೆ ಬಾರದ 3,800 ರೂಪಾಯಿಗೆ ತೆರಿಗೆ ಏಕೆ ಕಟ್ಟಲಿ?

ಶಿವಮೊಗ್ಗದ ನಿವೃತ್ತ ಆಡಿಟರ್

ಕಟ್ಟಬೇಕಿಲ್ಲ ತಾಯಿ. ನಿಮ್ಮ ಅನುಮಾನವೇ ಸರಿ. ಹುಡುಗ ನಿಯಮದ ಮೊದಲ ಭಾಗವನ್ನು ಓದಿದ್ದಾನೆ, ಎರಡನೆಯ ಉಪನಿಯಮವನ್ನು ಬಿಟ್ಟಿದ್ದಾನೆ. ನಾನೂ ವೃತ್ತಿಯ ಆರಂಭದಲ್ಲಿ ಒಬ್ಬ ಅಗರಬತ್ತಿ ರಫ್ತುದಾರರ ಲೆಕ್ಕದಲ್ಲಿ ಇದೇ ತಪ್ಪು ಮಾಡಿ, ಅವರಿಂದ ಹೆಚ್ಚು ತೆರಿಗೆ ಕಟ್ಟಿಸಿ, ಮುಂದಿನ ವರ್ಷ ತಿದ್ದಿಸಿದ್ದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವಿದೇಶಿ ಹಣದ ಆದಾಯವನ್ನು ರೂಪಾಯಿಗೆ ತಿರುಗಿಸಲು ನಿಯಮ 115 ಎರಡು ವಿಷಯ ಹೇಳುತ್ತದೆ: ಯಾವ ದರ, ಯಾವ ದಿನ. ದರ ಎಂದರೆ ಭಾರತೀಯ ಸ್ಟೇಟ್ ಬ್ಯಾಂಕಿನ ಟಿ.ಟಿ. ಖರೀದಿ ದರ. ನೀವು ತಂದ ಡಾಲರನ್ನು ಬ್ಯಾಂಕು ನಿಮ್ಮಿಂದ ಕೊಳ್ಳುವ ಬೆಲೆ ಅದು. ಹುಡುಕುತಾಣದಲ್ಲಿ ಕಾಣುವ ದರವೂ ಅಲ್ಲ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಪತ್ರಿಕೆಯಲ್ಲಿ ಬರುವ ಉಲ್ಲೇಖ ದರವೂ ಅಲ್ಲ. ದಿನ ಯಾವುದು ಎಂಬುದು ಆದಾಯದ ಬಗೆಯನ್ನು ಅವಲಂಬಿಸಿದೆ. ವೃತ್ತಿ, ವ್ಯಾಪಾರ, ಮನೆ ಬಾಡಿಗೆ, ವಿದೇಶದ ಬ್ಯಾಂಕ್ ಬಡ್ಡಿಯಂಥ ಇತರ ಆದಾಯ, ಇವುಗಳಿಗೆ ಮಾರ್ಚ್ 31. ಇಷ್ಟು ಹುಡುಗ ಹೇಳಿದ್ದು ಸರಿ.

ಆದರೆ ಇದೇ ಗುಂಪಿನ ಆದಾಯವು ವಿದೇಶಿ ವಿನಿಮಯ ಕಾನೂನಿಗೆ ಅನುಸಾರವಾಗಿ ಮಾರ್ಚ್ 31ಕ್ಕೆ ಮುಂಚೆಯೇ ಭಾರತದಲ್ಲಿ ಕೈಸೇರಿದ್ದರೆ ಅಥವಾ ಭಾರತಕ್ಕೆ ತರಲ್ಪಟ್ಟಿದ್ದರೆ, ಮೇಲಿನದ್ಯಾವುದೂ ಅನ್ವಯಿಸದು ಎಂದು ಎರಡನೆಯ ಉಪನಿಯಮ ಹೇಳುತ್ತದೆ. ಕಾರಣ ಸ್ಪಷ್ಟ. ಡಾಲರ್ ರೂಪಾಯಿಯಾಗಿ ಆಗಲೇ ನಿಮ್ಮ ಖಾತೆಯಲ್ಲಿದೆ. ಕಾಲ್ಪನಿಕ ದರದ ಅಗತ್ಯವೇ ಇಲ್ಲ.

ಈಗ ನಿಮ್ಮ ಮೂರು ಹಣ. ಜೂನಿನದು ಭಾರತಕ್ಕೆ ಬಂದಿದೆ, 1,66,200 ಎಂದೇ ಬರೆಯಿರಿ. ಮಧ್ಯದ ಬ್ಯಾಂಕು ಏನಾದರೂ ಕಡಿತ ಮಾಡಿದ್ದರೆ ಪೂರ್ತಿ ಬಿಲ್ ಮೊತ್ತವನ್ನು ಆದಾಯವೆಂದೂ ಕಡಿತವನ್ನು ವೆಚ್ಚವೆಂದೂ ತೋರಿಸಿ. ಡಿಸೆಂಬರಿನದು ಮಾರ್ಚ್ 31ರಂದು ಇನ್ನೂ ಹೊರಗಿತ್ತು. ನೀವು ಭಾರತದ ನಿವಾಸಿ, ಹಣ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆ ವರ್ಷದ ಆದಾಯವೇ. ಅದಕ್ಕೆ 85ರ ದರ, 1,27,500 ರೂಪಾಯಿ. ಡಿಸೆಂಬರಿನ 84.60 ಇಲ್ಲಿ ಲೆಕ್ಕಕ್ಕೇ ಬಾರದು. ಮೂರನೆಯದಕ್ಕೆ ನಾನು ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು. ನೀವು ಲೆಕ್ಕ ಇಡುವುದು ಹಣ ಬಂದಾಗಲೋ, ಬಿಲ್ ಮಾಡಿದಾಗಲೋ?

ಧಾರವಾಡದ ಚಿತ್ರಗಾರ್ತಿ

ಹಣ ಬಂದಾಗ, ಸರ್. ನೋಟುಪುಸ್ತಕದಲ್ಲಿ ಹಾಗೆಯೇ ಬರೆಯುತ್ತಾ ಬಂದಿದ್ದೇನೆ. ಹಿಂದಿನ ರಿಟರ್ನ್‌ಗಳಲ್ಲೂ ನಗದು ಪದ್ಧತಿ ಎಂದೇ ಇದೆ.

ಶಿವಮೊಗ್ಗದ ನಿವೃತ್ತ ಆಡಿಟರ್

ಹಾಗಾದರೆ ಮಾರ್ಚ್ 20ರ ಬಿಲ್ ಈ ವರ್ಷದ ಮಾತೇ ಅಲ್ಲ. ಏಪ್ರಿಲ್ 12ರಂದು ಭಾರತಕ್ಕೆ ಬಂದ 84,700 ರೂಪಾಯಿ 2025-26ರ ಆದಾಯ. ಬಿಲ್ ಮಾಡಿದಾಗಲೇ ಆದಾಯ ಎಂದು ಹಿಡಿಯುವ ಪದ್ಧತಿಯಾಗಿದ್ದರೆ ಅದನ್ನು 85,000 ಎಂದು ಈ ವರ್ಷವೇ ತೋರಿಸಿ, ಕಡಿಮೆ ಬಂದ 300 ರೂಪಾಯಿಯನ್ನು ಮುಂದಿನ ವರ್ಷದ ನಷ್ಟವೆಂದು ಬರೆಯಬೇಕಾಗುತ್ತಿತ್ತು. ಲಾಭಕ್ಕೆ ತಕ್ಕಂತೆ ವರ್ಷಕ್ಕೊಂದು ಪದ್ಧತಿ ಮಾಡಲು ಬಾರದು.

ಆದ್ದರಿಂದ ನಿಮ್ಮ 2024-25ರ ಒಟ್ಟು ಸ್ವೀಕೃತಿ 1,66,200 ಮತ್ತು 1,27,500, ಕೂಡಿ 2,93,700. ಹುಡುಗ ಹೇಳಿದ 3,82,500ಕ್ಕೂ ಇದಕ್ಕೂ ಎಷ್ಟು ಅಂತರವಿದೆ ನೋಡಿ. ಅದರಲ್ಲಿ ದರದ ತಪ್ಪು 3,800 ರೂಪಾಯಿ, ವರ್ಷದ ತಪ್ಪು 85,000. ದರದ ಬಗ್ಗೆ ತಲೆಕೆಡಿಸಿಕೊಳ್ಳುವವರು ಆದಾಯ ಯಾವ ವರ್ಷದ್ದು ಎಂಬುದನ್ನು ಮರೆಯುವುದು ನಾನು ಮತ್ತೆ ಮತ್ತೆ ಕಂಡ ಸಂಗತಿ.

ಲೆಕ್ಕದ ಹುಡುಗ

ಎರಡನೆಯ ಉಪನಿಯಮವನ್ನು ಈಗ ತೆಗೆದು ಓದಿದೆ, ಸರ್. ನೀವು ಹೇಳಿದ್ದು ಸರಿ. ಆದರೆ ಐಸಿಡಿಎಸ್ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ. ವಿನಿಮಯ ದರದ ಲಾಭ-ನಷ್ಟವನ್ನು ಐಸಿಡಿಎಸ್ ಪ್ರಕಾರವೇ ಲೆಕ್ಕ ಹಾಕಬೇಕೆನ್ನುವ ಕಲಂ 43ಎಎಯನ್ನು 2018ರಲ್ಲಿ ಕಾಯಿದೆಗೇ ಸೇರಿಸಿದ್ದಾರಲ್ಲ?

ಶಿವಮೊಗ್ಗದ ನಿವೃತ್ತ ಆಡಿಟರ್

ಸೇರಿಸಿದ್ದಾರೆ. ಆದರೆ ತೆರಿಗೆ ಆಡಿಟ್‌ನ ಮಿತಿಯೊಳಗೆ ಬಾರದ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಈ ಮಾನದಂಡಗಳು ಅನ್ವಯಿಸುವುದಿಲ್ಲ. ಈ ತಾಯಿ ಆ ಮಿತಿಯ ಹತ್ತಿರವೂ ಇಲ್ಲ. ಇನ್ನು ಕಂಪನಿಗಳ ಮಟ್ಟಕ್ಕೆ ಹೋದರೂ, ಅದೇ ಐಸಿಡಿಎಸ್ 6 ತಾನು ನಿಯಮ 115ಕ್ಕೆ ಒಳಪಟ್ಟಿರುವುದಾಗಿ ಹೇಳಿಕೊಂಡಿದೆ. ಆ ಸಾಲನ್ನು ಮರೆಯಬೇಡಪ್ಪ, ನಾಳೆ ದೊಡ್ಡ ಕಡತಗಳಲ್ಲಿ ನಿನಗೆ ಬೇಕಾಗುತ್ತದೆ.

ನ್ಯೂಜೆರ್ಸಿಯ ಕನ್ನಡಿಗ

ನಮಸ್ಕಾರ. ನಾನು ಇಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಬಸವನಗುಡಿಯ ಮನೆಯ ಬಾಡಿಗೆ ನನಗೆ ಬರುತ್ತದೆ. ಇದರ ಬಗ್ಗೆ ಯಾರೂ ಗೊಂದಲ ಪಡಬೇಕಿಲ್ಲ. ಅಮೆರಿಕದ ಖಜಾನೆ ಇಲಾಖೆ ಡಿಸೆಂಬರ್ 31ರ ಅಧಿಕೃತ ದರವನ್ನು ಪ್ರಕಟಿಸುತ್ತದೆ. ನಾನು ವರ್ಷದ ಬಾಡಿಗೆಯನ್ನೆಲ್ಲ ಅದರಿಂದಲೇ ಡಾಲರಿಗೆ ತಿರುಗಿಸುತ್ತೇನೆ. ನೀವೂ ಅದನ್ನೇ ಬಳಸಬಹುದು.

ಶಿವಮೊಗ್ಗದ ನಿವೃತ್ತ ಆಡಿಟರ್

ಸ್ವಾಮಿ, ನಿಮ್ಮದು ಇದರ ತಿರುಗುಮುರುಗು. ನೀವು ರೂಪಾಯಿಯನ್ನು ಡಾಲರಿಗೆ ಒಯ್ಯುತ್ತಿದ್ದೀರಿ, ಅಮೆರಿಕದ ಕಾನೂನಿನಡಿ. ಈ ತಾಯಿಯದು ಭಾರತದ ಕಾನೂನು. ಜೊತೆಗೆ ಒಂದು ಎಚ್ಚರಿಕೆ: ನೀವು ಹೇಳುವ ಡಿಸೆಂಬರ್ 31ರ ಖಜಾನೆ ದರ ವಿದೇಶಿ ಬ್ಯಾಂಕ್ ಖಾತೆಗಳ ಶಿಲ್ಕನ್ನು ವರದಿ ಮಾಡುವ ಫಾರ್ಮಿಗೆ, ಅಲ್ಲಿ `FBAR` ಎನ್ನುತ್ತಾರಲ್ಲ, ಅದಕ್ಕೆ. ಬಾಡಿಗೆ ಆದಾಯಕ್ಕೆ ಹಣ ಬಂದ ದಿನದ ದರವನ್ನು ಹಿಡಿಯುವುದು ಅಲ್ಲಿನ ಸಾಮಾನ್ಯ ಕ್ರಮ, ವರ್ಷದ ಸರಾಸರಿ ದರವನ್ನೂ ಬಳಸುತ್ತಾರೆ. ಶಿಲ್ಕಿನ ದರವನ್ನು ಆದಾಯಕ್ಕೆ ಹಚ್ಚುತ್ತಿದ್ದೀರೆಂದು ತೋರುತ್ತದೆ. ಅಲ್ಲಿನ ನಿಮ್ಮ ಲೆಕ್ಕಿಗರಿಗೆ ಒಮ್ಮೆ ತೋರಿಸಿ.

ನ್ಯೂಜೆರ್ಸಿಯ ಕನ್ನಡಿಗ

ಎರಡು ಫಾರ್ಮುಗಳಿಗೂ ಒಂದೇ ದರ ಎಂದು ನಾನೇ ಅಂದುಕೊಂಡುಬಿಟ್ಟಿದ್ದೆ. ಹಿಂದಿನ ರಿಟರ್ನ್‌ಗಳನ್ನು ತೆಗೆದು ನೋಡುತ್ತೇನೆ. ಧನ್ಯವಾದ ಸರ್.

ಮೈಸೂರಿಗೆ ಮರಳಿದವ

ನನ್ನದೊಂದು ಪ್ರಸಂಗ ಸೇರಿಸಬಹುದೇ? ಟೆಕ್ಸಾಸ್‌ನಿಂದ ಮರಳಿ ಬಂದವನು. ಹಳೆಯ ಕಂಪನಿಯ ಷೇರುಗಳು ಇನ್ನೂ ಅಲ್ಲಿವೆ. ನವೆಂಬರ್ 2024ರಲ್ಲಿ 100 ಡಾಲರ್ ಡಿವಿಡೆಂಡ್ ಕೊಟ್ಟರು. ಅದರಲ್ಲಿ 25 ಡಾಲರ್ ಅಲ್ಲೇ ತೆರಿಗೆ ಹಿಡಿದು, 75 ನನ್ನ ದಲ್ಲಾಳಿ ಖಾತೆಗೆ ಹಾಕಿದರು. ಆ ದಿನದ ದರ 84.20 ಎಂದು ಹಿಡಿದು 6,315 ರೂಪಾಯಿ ಆದಾಯ ಎಂದು ಬರೆದಿದ್ದೇನೆ. ಇಲ್ಲಿನ ಚರ್ಚೆ ಓದಿದ ಮೇಲೆ 85 ಹಾಕಬೇಕಿತ್ತೇನೋ ಎನಿಸುತ್ತಿದೆ.

ಶಿವಮೊಗ್ಗದ ನಿವೃತ್ತ ಆಡಿಟರ್

ಮೊದಲು ಹೇಳಿ, ಮರಳಿ ಬಂದು ಎಷ್ಟು ವರ್ಷವಾಯಿತು? ಹೊಸದಾಗಿ ಬಂದವರು ಕೆಲವು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎನಿಸಿಕೊಳ್ಳಬಹುದು. ಆಗ ಅಲ್ಲಿನ ಡಿವಿಡೆಂಡಿಗೆ ಇಲ್ಲಿ ತೆರಿಗೆಯೇ ಇರುವುದಿಲ್ಲ.

ಮೈಸೂರಿಗೆ ಮರಳಿದವ

2016ರಲ್ಲೇ ಬಂದೆ. ಆಮೇಲೆ ಹೊರಗೆ ಹೋಗಿಯೇ ಇಲ್ಲ.

ಶಿವಮೊಗ್ಗದ ನಿವೃತ್ತ ಆಡಿಟರ್

ಹಾಗಾದರೆ ಪೂರ್ಣ ನಿವಾಸಿ, ತೆರಿಗೆ ಇದೆ. ನಿಮ್ಮ ಲೆಕ್ಕದಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಆದಾಯ 75 ಅಲ್ಲ, 100. ಅಲ್ಲಿ ಹಿಡಿದ ತೆರಿಗೆಯೂ ನಿಮ್ಮ ಆದಾಯದ ಭಾಗವೇ. ಅದನ್ನು ಬಿಟ್ಟು ಬರೆದರೆ ಇಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯಿರಿ ಎಂದು, ಅಂದರೆ ಅದರ ಜಮೆ, ಕೇಳುವ ಹಕ್ಕೂ ಕೈತಪ್ಪುತ್ತದೆ. ಎರಡನೆಯದು, ದಿನ. ಡಿವಿಡೆಂಡಿಗೆ ಬಂದ ದಿನವೂ ಇಲ್ಲ, ಮಾರ್ಚ್ 31 ಕೂಡ ಇಲ್ಲ. ಅದನ್ನು ಕೊಟ್ಟ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ. ನವೆಂಬರಿನಲ್ಲಿ ಕೊಟ್ಟದ್ದಕ್ಕೆ ಅಕ್ಟೋಬರ್ 31. ಷೇರು ಮಾರಿದ ಲಾಭಕ್ಕೂ ಇದೇ ರೀತಿ, ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆ. ಸಂಬಳಕ್ಕೂ ಹಾಗೆಯೇ. ಚಿತ್ರಗಾರ್ತಿಯವರಿಗೆ ಸಿಕ್ಕ ವಿನಾಯಿತಿ ಈ ಬಗೆಯ ಆದಾಯಗಳಿಗಿಲ್ಲ ಎಂಬುದನ್ನೂ ಗಮನಿಸಿ. ಡಿವಿಡೆಂಡನ್ನು ಮರುದಿನವೇ ಮೈಸೂರಿಗೆ ತರಿಸಿಕೊಂಡಿದ್ದರೂ ಅಕ್ಟೋಬರ್ 31ರ ದರವೇ.

ಆ ದಿನದ ದರವನ್ನು 83.70 ಎಂದಿಟ್ಟುಕೊಳ್ಳೋಣ. ಆದಾಯ 8,370 ರೂಪಾಯಿ. ಅಲ್ಲಿ ಕಟ್ಟಿದ ತೆರಿಗೆಯನ್ನು ತಿರುಗಿಸಲು ಬೇರೆ ನಿಯಮವಿದೆ, 128. ಅದೂ ತೆರಿಗೆ ಹಿಡಿದ ತಿಂಗಳ ಹಿಂದಿನ ತಿಂಗಳ ಕೊನೆಯನ್ನೇ ಹೇಳುವುದರಿಂದ ನಿಮಗೆ ಅದೇ ದರ ಸಿಗುತ್ತದೆ: 25 ಡಾಲರಿಗೆ 2,092 ರೂಪಾಯಿ 50 ಪೈಸೆ. ನೀವು ಶೇಕಡಾ 30ರ ಹಂತದಲ್ಲಿದ್ದರೆ ಇಲ್ಲಿನ ತೆರಿಗೆ, ಸೆಸ್ ಬಿಟ್ಟು, 2,511. ಜಮೆ ಕಳೆದರೆ 418 ರೂಪಾಯಿ 50 ಪೈಸೆ ಕಟ್ಟಿದರಾಯಿತು. ಶೇಕಡಾ 20ರ ಹಂತದಲ್ಲಿದ್ದರೆ ಇಲ್ಲಿನ ತೆರಿಗೆ 1,674 ಮಾತ್ರ. ಆಗ ಜಮೆಯೂ ಅಷ್ಟಕ್ಕೇ ನಿಲ್ಲುತ್ತದೆ, ಉಳಿದದ್ದನ್ನು ಸರ್ಕಾರ ಮರಳಿ ಕೊಡುವುದಿಲ್ಲ. ಜಮೆ ಬೇಕಾದರೆ ಫಾರ್ಮ್ 67 ಸಲ್ಲಿಸುವುದನ್ನು ಮರೆಯಬೇಡಿ.

ಮೈಸೂರಿಗೆ ಮರಳಿದವ

ಇದು ಹೊಳೆದೇ ಇರಲಿಲ್ಲ. ಒಂದು ಅನುಮಾನ ಮಾತ್ರ ಉಳಿಯಿತು. ಕಂಪನಿ ಡಿವಿಡೆಂಡನ್ನು ಘೋಷಿಸಿದ್ದು ಅಕ್ಟೋಬರಿನಲ್ಲಿ, ಕೊಟ್ಟದ್ದು ನವೆಂಬರಿನಲ್ಲಿ. ಹಾಗಾದರೆ ಸೆಪ್ಟೆಂಬರ್ 30ರ ದರ ಆಗಬಹುದಲ್ಲವೇ?

ಶಿವಮೊಗ್ಗದ ನಿವೃತ್ತ ಆಡಿಟರ್

ಒಳ್ಳೆಯ ಪ್ರಶ್ನೆ. ನಿಯಮದಲ್ಲಿ ‘ಘೋಷಿಸಿದ, ಹಂಚಿದ ಅಥವಾ ಕೊಟ್ಟ’ ಎಂದು ಮೂರೂ ಪದಗಳಿವೆ, ಯಾವುದು ಮೊದಲು ಎಂದಿಲ್ಲ. ನಾನು ಹಣ ಕೊಟ್ಟ ತಿಂಗಳನ್ನೇ ಹಿಡಿಯುತ್ತಾ ಬಂದಿದ್ದೇನೆ. ತೆರಿಗೆ ಹಿಡಿದದ್ದೂ ಅದೇ ತಿಂಗಳಾದ್ದರಿಂದ ಆದಾಯ ಮತ್ತು ಜಮೆ ಎರಡಕ್ಕೂ ಒಂದೇ ದರ ಬಂದು ಲೆಕ್ಕ ಕೂಡುತ್ತದೆ. ಘೋಷಣೆಯ ತಿಂಗಳನ್ನು ಹಿಡಿಯುವ ಸಹೋದ್ಯೋಗಿಗಳೂ ಇದ್ದಾರೆ, ಅವರದು ತಪ್ಪೆಂದು ನಾನು ಹೇಳಲಾರೆ. ಯಾವುದನ್ನು ಹಿಡಿದರೂ ಪ್ರತಿ ವರ್ಷ ಅದನ್ನೇ ಹಿಡಿಯಿರಿ.

ಹುಬ್ಬಳ್ಳಿಯ ಸಣ್ಣ ರಫ್ತುದಾರ

ಈ ಚರ್ಚೆಯನ್ನು ಬೆಳಿಗ್ಗೆಯಿಂದ ಓದುತ್ತಿದ್ದೇನೆ. ನಾವು ಇಬ್ಬರು ಸೇರಿ ಸಾಫ್ಟ್‌ವೇರ್ ಸೇವೆ ಕೊಡುತ್ತೇವೆ. ಹಣ ನಮ್ಮ ಹುಬ್ಬಳ್ಳಿಯ ಬ್ಯಾಂಕಿನ ಇಇಎಫ್‌ಸಿ ಖಾತೆಗೆ ಡಾಲರ್ ರೂಪದಲ್ಲೇ ಬರುತ್ತದೆ. ಮಾರ್ಚ್ 10ರಂದು 3,000 ಡಾಲರ್ ಬಂದಿತು, ರೂಪಾಯಿಗೆ ತಿರುಗಿಸಿದ್ದು ಏಪ್ರಿಲ್ 25ರಂದು. ಹಣ ಭಾರತದಲ್ಲೇ ಇತ್ತು, ಆದರೆ ಡಾಲರ್ ಆಗಿಯೇ ಇತ್ತು. ಇದಕ್ಕೆ ಮಾರ್ಚ್ 31ರ ದರವೇ, ಅಲ್ಲವೇ?

ಲೆಕ್ಕದ ಹುಡುಗ

ಈ ಸಲ ನಿಯಮವನ್ನು ಪೂರ್ತಿ ಓದಿಯೇ ಬರೆಯುತ್ತಿದ್ದೇನೆ. ಇಇಎಫ್‌ಸಿ ಖಾತೆ ಭಾರತದ ಬ್ಯಾಂಕಿನಲ್ಲಿದೆ. ಹಣ ‘ಭಾರತದಲ್ಲಿ ಕೈಸೇರಿದೆ’. ರೂಪಾಯಿಗೆ ತಿರುಗಿಸಿರಬೇಕೆಂದು ಎರಡನೆಯ ಉಪನಿಯಮ ಕೇಳುವುದಿಲ್ಲ. ಆದ್ದರಿಂದ ಮಾರ್ಚ್ 31ರ ದರ ಬೇಡ, ಮಾರ್ಚ್ 10ರ ದರ.

ಶಿವಮೊಗ್ಗದ ನಿವೃತ್ತ ಆಡಿಟರ್

ಮೊದಲರ್ಧ ಒಪ್ಪಿದೆ. ಆದರೆ ನಿಯಮ 115 ಬಿಟ್ಟುಹೋದ ಮೇಲೆ ಮಾರ್ಚ್ 10ರ ದರವನ್ನೇ ಹಿಡಿ ಎಂದು ಆ ಉಪನಿಯಮ ಎಲ್ಲಿ ಹೇಳಿದೆ? ಅದು ಬಾಗಿಲು ಮುಚ್ಚುತ್ತದೆ, ಬೇರೆ ಬಾಗಿಲನ್ನು ತೋರಿಸುವುದಿಲ್ಲ. ಬಂದ ದಿನದ ದರವೇ ಸಹಜ ಎಂದು ನನಗೂ ಅನಿಸುತ್ತದೆ. ಆದರೆ ಇಬ್ಬರ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಐಸಿಡಿಎಸ್‌ನಿಂದ ವಿನಾಯಿತಿಯಿಲ್ಲ. ಆಗ ಮಾರ್ಚ್ 31ರಂದು ಖಾತೆಯಲ್ಲಿ ಉಳಿದ 3,000 ಡಾಲರನ್ನು ಆ ದಿನದ ದರಕ್ಕೆ ಮರುಮೌಲ್ಯ ಮಾಡಿ, ವ್ಯತ್ಯಾಸವನ್ನು ಅದೇ ವರ್ಷದ ಲಾಭ ಅಥವಾ ನಷ್ಟವೆಂದು ತೋರಿಸಬೇಕು. ಹುಡುಗ ಮೊದಲು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ಇಇಎಫ್‌ಸಿಗೆ ಒಂದು ತಿಂಗಳಲ್ಲಿ ಬಂದ ಹಣವನ್ನು, ಅನುಮತಿಸಿದ ಬಳಕೆ ಕಳೆದು ಉಳಿದದ್ದನ್ನು, ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ತಿರುಗಿಸಲೇಬೇಕು. ನೀವು ಏಪ್ರಿಲ್ 25ಕ್ಕೆ ತಿರುಗಿಸಿದ್ದೀರಿ, ಸರಿಯಾಗಿದೆ. ಹಾಗಾಗಿ ವರ್ಷಾಂತ್ಯದ ಈ ತೊಡಕು ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ ಬಂದ ಹಣಕ್ಕಷ್ಟೇ ಹುಟ್ಟುತ್ತದೆ.

ಹುಬ್ಬಳ್ಳಿಯ ಸಣ್ಣ ರಫ್ತುದಾರ

ಪಾಲುದಾರಿಕೆ ಸಂಸ್ಥೆಯೇ. ನಮ್ಮ ಆಡಿಟರ್ ಇಡೀ ಮೊತ್ತಕ್ಕೆ ಮಾರ್ಚ್ 31ರ ದರವನ್ನೇ ಹಾಕಿದ್ದಾರೆ. ನೀವು ಹೇಳಿದಂತೆ ಮಾಡಿದರೂ ಬಂದ ದಿನದ ಆದಾಯ ಮತ್ತು ವ್ಯತ್ಯಾಸ ಕೂಡಿ ಅಷ್ಟೇ ಆಗುತ್ತದಲ್ಲವೇ?

ಶಿವಮೊಗ್ಗದ ನಿವೃತ್ತ ಆಡಿಟರ್

ಆ 3,000 ಡಾಲರಿನ ಮಟ್ಟಿಗೆ ಹೌದು, ಮೊತ್ತ ಒಂದೇ. ಬೇರೆಯಾಗುವುದು ವರ್ಷದ ಮಧ್ಯದಲ್ಲಿ ಬಂದು ರೂಪಾಯಿಯಾಗಿ ಹೋದ ಹಣದಲ್ಲಿ. ಅದಕ್ಕೂ ಅವರು ಮಾರ್ಚ್ 31ರ ದರ ಹಾಕಿದ್ದಾರೆಯೇ ಎಂದು ಮಾತ್ರ ನೋಡಿ. ಗುರುತಿಸುವುದು ಸುಲಭ: ಬ್ಯಾಂಕು ಕೊಟ್ಟ ಜಮಾ ಪತ್ರಗಳ ರೂಪಾಯಿಯನ್ನೆಲ್ಲ ಕೂಡಿಸಿ, ಲೆಕ್ಕಪತ್ರದ ಮಾರಾಟದ ಮೊತ್ತದ ಪಕ್ಕ ಇಡಿ. ಬಾಕಿಯೂ ಕಡಿತವೂ ಇಲ್ಲದೆ ಎರಡೂ ಕೂಡದಿದ್ದರೆ ಎಲ್ಲೋ ಒಂದೇ ದರವನ್ನು ಎಲ್ಲಕ್ಕೂ ಹಚ್ಚಿದ್ದಾರೆ ಎಂದರ್ಥ.

ಧಾರವಾಡದ ಚಿತ್ರಗಾರ್ತಿ

ಸರ್, ನನ್ನ 1,500 ಡಾಲರಿನ ಬಾಲ ಇನ್ನೂ ಉಳಿದಿದೆ. ಮಾರ್ಚ್ 31ಕ್ಕೆ 1,27,500 ಎಂದು ತೋರಿಸುತ್ತೇನೆ. ಮೇ ತಿಂಗಳಲ್ಲಿ ಕೈಗೆ ಬಂದದ್ದು 1,26,600. ಆ 900 ರೂಪಾಯಿಗೂ ನಾನು ತೆರಿಗೆ ಕಟ್ಟಿದಂತಾಯಿತು.

ಶಿವಮೊಗ್ಗದ ನಿವೃತ್ತ ಆಡಿಟರ್

ಈ ವರ್ಷ ಕಟ್ಟಿದಂತೆಯೇ. ರಿಟರ್ನ್ ತುಂಬುವ ಹೊತ್ತಿಗೆ ನಷ್ಟ ಗೊತ್ತಾಗಿದೆ ಎಂದು 2024-25ರ ಅಂಕಿಯನ್ನು ಇಳಿಸಲು ಬರುವುದಿಲ್ಲ. ಆ 900 ರೂಪಾಯಿ 2025-26ರ ಮಾತು. ಅದು ವೃತ್ತಿಯ ನಷ್ಟವೇ ಅಲ್ಲವೇ ಎಂಬುದು, ಆ ಡಾಲರನ್ನು ನೀವು ಯಾವ ಉದ್ದೇಶಕ್ಕೆ ಹಿಡಿದಿಟ್ಟಿದ್ದಿರಿ ಎಂಬುದರ ಮೇಲೆ ನಿಲ್ಲುತ್ತದೆ. ಸಟ್ಲೆಜ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿದ ತತ್ವ ಅದು: ವ್ಯಾಪಾರದ ಹಣವಾಗಿ ಇಟ್ಟಿದ್ದರೆ ವ್ಯಾಪಾರದ ನಷ್ಟ, ಬಂಡವಾಳವಾಗಿ ಇಟ್ಟಿದ್ದರೆ ಬಂಡವಾಳದ ನಷ್ಟ. ನೀವು ಆ ಖಾತೆಯಿಂದ ಬಣ್ಣ, ತಂತ್ರಾಂಶದ ಚಂದಾ ಇತ್ಯಾದಿ ಏನನ್ನಾದರೂ ಕೊಳ್ಳುತ್ತಿದ್ದಿರಾ?

ಧಾರವಾಡದ ಚಿತ್ರಗಾರ್ತಿ

ಚಿತ್ರ ಬರೆಯುವ ತಂತ್ರಾಂಶದ ತಿಂಗಳ ಚಂದಾ ಹಿಂದೆ ಅದರಿಂದಲೇ ಹೋಗುತ್ತಿತ್ತು. ಆದರೆ ಈ ಬಾರಿ ಬಿಟ್ಟದ್ದು ದರ ಏರಲೆಂದೇ. ಸುಳ್ಳು ಹೇಳಲಾರೆ.

ಶಿವಮೊಗ್ಗದ ನಿವೃತ್ತ ಆಡಿಟರ್

ಹಾಗಾದರೆ ಎರಡೂ ಕಡೆ ವಾದವಿದೆ. ವೃತ್ತಿಯ ಗಳಿಕೆ ವೃತ್ತಿಯ ಖಾತೆಯಲ್ಲೇ ಐದು ತಿಂಗಳು ಕುಳಿತಿತ್ತು ಎಂಬುದು ನಿಮ್ಮ ಪರ. ದರಕ್ಕಾಗಿ ಕಾದದ್ದು ವಿರುದ್ಧ. ನಾನಾಗಿದ್ದರೆ ವೃತ್ತಿಯ ನಷ್ಟವೆಂದೇ ಬರೆಯುತ್ತಿದ್ದೆ, ಪ್ರಶ್ನೆ ಬಂದರೆ ಬಿಟ್ಟುಕೊಡಲು ಸಿದ್ಧನಿರುತ್ತಿದ್ದೆ.

ಅದಕ್ಕಿಂತ ಮುಖ್ಯವಾದದ್ದು ಆ ಖಾತೆಯೇ. ಡಿಸೆಂಬರಿನಲ್ಲಿ ವಿದೇಶದ ಖಾತೆಯಲ್ಲಿ ಹಣವಿತ್ತು. ರಿಟರ್ನ್‌ನಲ್ಲಿ `Schedule FA` ಎಂಬ ವಿದೇಶಿ ಆಸ್ತಿಗಳ ಪಟ್ಟಿ ಇದೆ. ಇಂಥ ಪಾವತಿ ಖಾತೆ ಅದರಲ್ಲಿ ಬರುತ್ತದೆಯೇ ಎಂದು ವಾದಿಸುವವರಿದ್ದಾರೆ, ತೋರಿಸುವುದೇ ಕ್ಷೇಮ. ಅಲ್ಲಿ ಏಪ್ರಿಲ್–ಮಾರ್ಚ್ ಇಲ್ಲ, ಜನವರಿಯಿಂದ ಡಿಸೆಂಬರ್. ನೀವು 2024ರ ಡಿಸೆಂಬರ್ 31ರ ಶಿಲ್ಕನ್ನು ಆ ದಿನದ ಟಿ.ಟಿ. ಖರೀದಿ ದರದಲ್ಲಿ ಬರೆಯಬೇಕು. ಅದೇ 1,500 ಡಾಲರಿಗೆ ಒಂದೇ ರಿಟರ್ನ್‌ನಲ್ಲಿ ಎರಡು ರೂಪಾಯಿ ಮೊತ್ತಗಳು ಕಂಡರೆ ಗಾಬರಿಯಾಗಬೇಡಿ, ಎರಡೂ ಸರಿ. ಈ ಪಟ್ಟಿ `ITR-4`ರಲ್ಲಿ ಇಲ್ಲ, `ITR-3` ತುಂಬಬೇಕು.

ಮೈಸೂರಿಗೆ ಮರಳಿದವ

ಎಸ್‌ಬಿಐ ತಾಣದಲ್ಲಿ ಇವತ್ತಿನ ದರಪಟ್ಟಿ ಮಾತ್ರ ಕಾಣುತ್ತಿದೆ. ಅಕ್ಟೋಬರ್ 31ರದು ಎಲ್ಲಿ ಸಿಗುತ್ತದೆ?

ಲೆಕ್ಕದ ಹುಡುಗ

ಆ ಪಟ್ಟಿ ದಿನವೂ ಬದಲಾಗುತ್ತದೆ, ಹಳೆಯದು ಅಲ್ಲಿ ಉಳಿಯುವುದಿಲ್ಲ. ನಮ್ಮ ಕಚೇರಿಯಲ್ಲಿ ಪ್ರತಿ ತಿಂಗಳ ಕೊನೆಯ ದಿನ ಇಳಿಸಿಟ್ಟುಕೊಳ್ಳುವುದು ನನ್ನದೇ ಕೆಲಸ. ನಿಮ್ಮ ಆಡಿಟರ್ ಬಳಿ ಇರಬಹುದು, ಕೇಳಿ ನೋಡಿ. ಪಟ್ಟಿಯಲ್ಲಿ `TT BUY` ಎಂಬ ಕಾಲಂ ನೋಡಿ, ಪಕ್ಕದ `TT SELL` ಅಲ್ಲ. ಮಾರುವ ದರ ಯಾವಾಗಲೂ ಹೆಚ್ಚು, ಅದನ್ನು ಹಾಕಿದರೆ ಆದಾಯ ಸುಮ್ಮನೆ ಉಬ್ಬುತ್ತದೆ. ಜಪಾನಿನ ಯೆನ್ ಇದ್ದವರು ಇನ್ನೂ ಜಾಗ್ರತೆ, ಅದರ ದರವನ್ನು ನೂರು ಯೆನ್‌ಗೆ ಕೊಟ್ಟಿರುತ್ತಾರೆ.

ಶಿವಮೊಗ್ಗದ ನಿವೃತ್ತ ಆಡಿಟರ್

ಚೆನ್ನಾಗಿ ಹೇಳಿದೆಯಪ್ಪ. ತಿಂಗಳ ಕೊನೆಯ ದಿನ ರಜೆಯಾಗಿದ್ದರೆ ಪಟ್ಟಿಯೇ ಬಂದಿರುವುದಿಲ್ಲ. 2024ರ ಮಾರ್ಚ್ 31 ಭಾನುವಾರವಾಗಿತ್ತು. ಆಗ ಹಿಂದಿನ ಕೆಲಸದ ದಿನದ ಪಟ್ಟಿಯನ್ನು ಹಿಡಿಯುವುದು ರೂಢಿ. ಆ ಪುಟವನ್ನು ಮುದ್ರಿಸಿ ರಿಟರ್ನ್‌ನ ಪ್ರತಿಯ ಜೊತೆಗೇ ಇಡಿ.

ಧಾರವಾಡದ ಚಿತ್ರಗಾರ್ತಿ

ನಾನು 2,93,700 ಎಂದೇ ಬರೆದಿದ್ದೇನೆ. ಸಲ್ಲಿಸುವ ಮುಂಚೆ ಮಾರ್ಚ್ 31ರ ನಿಜವಾದ ಪಟ್ಟಿಯನ್ನು ನೋಡಿ 85ರ ಜಾಗದಲ್ಲಿ ಅದನ್ನು ಹಾಕುತ್ತೇನೆ. ಜೂನ್ ತಿಂಗಳ ಜಮಾ ಪತ್ರವನ್ನು ಬ್ಯಾಂಕಿನಿಂದ ತಂದೆ. ನೋಡಿದರೆ ಅದರಲ್ಲಿ ಪ್ರಕಾಶಕರು ಕಳಿಸಿದ್ದು 2,015 ಡಾಲರ್ ಎಂದಿದೆ, 15 ಡಾಲರ್ ಮಧ್ಯದ ಬ್ಯಾಂಕು ಹಿಡಿದಿದೆ. ಬಿಲ್ ತೆಗೆದು ನೋಡಿದೆ, ನಾನು ಬರೆದದ್ದೂ 2,015. ನನಗೆ ಬಂದದ್ದು ಮಾತ್ರ ನೆನಪಿತ್ತು. ಹಾಗಾದರೆ ಆದಾಯಕ್ಕೆ ಇನ್ನೂ 1,246 ರೂಪಾಯಿ 50 ಪೈಸೆ ಸೇರಿಸಿ, ಅಷ್ಟನ್ನೇ ವೆಚ್ಚದಲ್ಲಿ ತೋರಿಸಬೇಕು, ಸರಿಯೇ ಸರ್?

ಶಿವಮೊಗ್ಗದ ನಿವೃತ್ತ ಆಡಿಟರ್

ಸರಿ. ಅದೇ 83.10ರ ದರದಲ್ಲಿ.